ಅಡವಿಡಲು ಏನೂ ಇಲ್ಲದ ಹನ್ನೊಂದು ಜನರ ಸಾಲ

ಹೋದ ಡಿಸೆಂಬರ್‌ನಲ್ಲಿ ನಮ್ಮ ಬಚತ್ ಗಟದ ಬ್ಯಾಂಕ್ ಸಾಲದ ಕೊನೆಯ ಕಂತು ಕಟ್ಟಿ ಬಂದೆ. 5,649 ರೂಪಾಯಿ. ಇಂಥವು ಒಟ್ಟು 24. ಊರಲ್ಲಿ ನಾವು ಸ್ವಸಹಾಯ ಸಂಘ ಅನ್ನುವುದನ್ನು ಇಲ್ಲಿ ಪುಣೆಯಲ್ಲಿ ಬಚತ್ ಗಟ ಅನ್ನುತ್ತಾರೆ. ಹಡಪ್ಸರದ ನಮ್ಮ ಓಣಿಯಲ್ಲಿ ಇನ್ನೂ ಎರಡು ಕಡೆ ಹೆಂಗಸರು ಗಟ ಮಾಡಬೇಕೆಂದು ಓಡಾಡುತ್ತಿದ್ದಾರೆ. ಸಂಜೆಯಾದರೆ ಯಾರಾದರೂ ಬಂದು "ಅಕ್ಕಾ, ಮೊದಲು ಏನ್ ಮಾಡ್ಬೇಕು?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಒಮ್ಮೆ ಬರೆದಿಡೋಣ ಅನ್ನಿಸಿತು.

ನಾವು ಇಂಡಿ ತಾಲ್ಲೂಕಿನ ಕಡೆಯವರು. ಯಜಮಾನರು ಗೌಂಡಿ ಕೆಲಸಕ್ಕೆ ಹೋಗುತ್ತಾರೆ. ನಾನು ಜೋಳದ ರೊಟ್ಟಿ ಬಡಿದು ಎರಡು ಮೆಸ್‌ಗೆ ಕೊಡುತ್ತೇನೆ. ಬಾಡಿಗೆ ಖೋಲಿ, ಆಧಾರ್‌ನಲ್ಲಿ ಊರಿನ ವಿಳಾಸ, ಕೊರಳಲ್ಲಿ ಎರಡು ಗುಂಡಿನ ತಾಳಿ. ಇಷ್ಟು ಇಟ್ಟುಕೊಂಡು ಬ್ಯಾಂಕಿಗೆ ಹೋದರೆ ಸಂಬಳದ ಚೀಟಿ ಇದೆಯಾ ಅಂತ ಕೇಳುತ್ತಾರೆ. ಸಾವಕಾರನ ಹತ್ತಿರ ಹೋದರೆ ತಿಂಗಳಿಗೆ ನೂರಕ್ಕೆ ಹತ್ತು.

ನನ್ನ ಮೊದಲ ಗುಂಪು ಸಾಲ ಗಟದ್ದಲ್ಲ, ಒಂದು ಮೈಕ್ರೋಫೈನಾನ್ಸ್ ಸಂಸ್ಥೆಯದ್ದು. 2021ರಲ್ಲಿ. ಅದನ್ನು ಮೊದಲು ಹೇಳಿದರೇ ಮುಂದಿನದು ಅರ್ಥವಾಗುವುದು. ಓಣಿಗೆ ಬಂದ ಹುಡುಗ, ಗುರುವಾರದೊಳಗೆ ಐದು ಜನ ಸೇರಿಸಿ, ತಲಾ 30,000 ಕೊಡುತ್ತೇನೆ ಅಂದ. ಮೂರು ಜನ ಪರಿಚಯದವರು ಸಿಕ್ಕೆವು. ಇನ್ನಿಬ್ಬರು ಎಲ್ಲಿಂದ ಬಂದರೋ ಗೊತ್ತಿಲ್ಲ. ಆಧಾರ್ ಕೊಟ್ಟೆವು, ಗಂಡಂದಿರ ಜೊತೆ ಫೋಟೊ ತೆಗೆಸಿಕೊಂಡೆವು, ಒಬ್ಬರಿಗೊಬ್ಬರು ಜವಾಬ್ದಾರಿ ಅಂತ ಸಹಿ ಹಾಕಿದೆವು. ಹತ್ತು ದಿನದಲ್ಲಿ ದುಡ್ಡು ಬಂತು. ಅದೇನೂ ಸಣ್ಣ ಮಾತಲ್ಲ, ಬೇರೆ ಯಾರೂ ನಮಗೆ ಹತ್ತು ದಿನದಲ್ಲಿ ಕೊಟ್ಟಿರಲಿಲ್ಲ. ತಿಂಗಳ ಕಂತು 1,586. ಎರಡು ವರ್ಷಕ್ಕೆ ಬಡ್ಡಿ 8,000 ದಾಟುತ್ತದೆ. ಜೊತೆಗೆ ಪ್ರೊಸೆಸಿಂಗ್ ಶುಲ್ಕ 450, ಅದರ ಮೇಲೆ ಜಿಎಸ್‌ಟಿ 81.

ಏಳನೇ ತಿಂಗಳಲ್ಲಿ ಆ ಇಬ್ಬರಲ್ಲಿ ಒಬ್ಬಳು ಖೋಲಿ ಖಾಲಿ ಮಾಡಿ ಹೊರಟುಹೋದಳು. ಅವಳ ಊರು ಯಾವುದು ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವಳ ಕಂತನ್ನು ನಾವು ನಾಲ್ವರು ಹಂಚಿಕೊಂಡು, ತಲಾ ಹೆಚ್ಚುಕಮ್ಮಿ 400ರಂತೆ, ನಾಲ್ಕು ತಿಂಗಳು ಕಟ್ಟಿದೆವು. ಒಂದು ರಾತ್ರಿ ವಸೂಲಿಗೆ ಬಂದವನು ಒಂಬತ್ತರವರೆಗೆ ಹೊಸ್ತಿಲಲ್ಲೇ ಕೂತಿದ್ದ. ಒಳಗೆ ಮಕ್ಕಳು ಊಟಕ್ಕೆ ಕೂತಿದ್ದರು. ಆ ಹೊತ್ತು ನೆನಪಾದರೆ ಈಗಲೂ ಮೈ ಬೆವರುತ್ತದೆ.

ಅಂಥ ಸಾಲ ತೆಗೆದುಕೊಳ್ಳುವವರಿಗೆ ಒಂದೆರಡು ಮಾತು. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಿಂದ ನಿಯಮ ಬಿಗಿ ಮಾಡಿದೆ. ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ, ಬರುವಂತಿಲ್ಲ. ಕಂತು ಕಟ್ಟುವ ಜಾಗ ಮೊದಲೇ ಗೊತ್ತು ಮಾಡಿರಬೇಕು. ಅಲ್ಲಿಗೆ ನೀವು ಎರಡು ಸಲ ಬಿಡದೆ ತಪ್ಪಿಸಿಕೊಂಡರೆ ಮಾತ್ರ ಮನೆಗೆ ಬರಬಹುದು. ಮನೆಯವರ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತಿದ್ದರೆ ಸಾಲವನ್ನೇ ಕೊಡಬಾರದು. ಇನ್ನೊಂದು, ಯಾರಾದರೂ "ಬರೀ 12 ಪರ್ಸೆಂಟ್ ಫ್ಲಾಟ್" ಅಂದರೆ ಹಿಗ್ಗಬೇಡಿ. ಫ್ಲಾಟ್ ಅಂದರೆ ನೀವು ಅರ್ಧ ಸಾಲ ತೀರಿಸಿದ ಮೇಲೂ ಪೂರ್ತಿ ಸಾಲದ ಮೇಲೆ ಬಡ್ಡಿ. ಎರಡು ವರ್ಷದ ಸಾಲಕ್ಕೆ ಅದು ನಿಜದಲ್ಲಿ 21ರ ಮೇಲೆ ಬೀಳುತ್ತದೆ. ವರ್ಷದ ನಿಜವಾದ ದರ ಬರೆದ ಹಾಳೆಯನ್ನು ಅವರು ಕೊಡಲೇಬೇಕು, ಕೇಳಿ ತೆಗೆದುಕೊಳ್ಳಿ.

ಇನ್ನು ಗಟದ ಕಥೆ. 2022ರ ಜೂನ್‌ನಲ್ಲಿ ಮೂಲೆಮನೆ ಅಕ್ಕ ಹೇಳಿದಳು, ನಾವೇ ಕೂಡಿಸೋಣ, ವಾರಕ್ಕೆ 50 ರೂಪಾಯಿ. ವಾರಕ್ಕೇ ಯಾಕೆಂದರೆ ಗೌಂಡಿಗಳಿಗೆ ಪಗಾರ ಬರುವುದು ಶನಿವಾರ. ಭಾನುವಾರ ಮಧ್ಯಾಹ್ನ ಕೈಯಲ್ಲಿ ದುಡ್ಡು ಇರುತ್ತದೆ, ಸೋಮವಾರ ಇರುವುದಿಲ್ಲ.

ಹತ್ತರಿಂದ ಇಪ್ಪತ್ತು ಜನ ಇದ್ದರೆ ಗಟ. ಯಾರನ್ನು ಸೇರಿಸಿಕೊಳ್ಳುವುದು ಅನ್ನುವುದಕ್ಕೇ ಮೂರು ಭಾನುವಾರ ಹೋಯಿತು. ಎಲ್ಲಕ್ಕಿಂತ ಕಷ್ಟವಾದದ್ದು ನನ್ನ ನಾದಿನಿಯ ವಿಷಯ. ಅವಳ ಮೇಲೆ ಆಗಲೇ ಮೂರು ಸಂಸ್ಥೆಗಳ ಕಂತಿತ್ತು. ಇದು ನಾವು ಯಾವ ಕಾಗದ ನೋಡಿ ತಿಳಿದದ್ದಲ್ಲ, ಓಣಿಗೆಲ್ಲ ಗೊತ್ತಿತ್ತು. ವಸೂಲಿಯವರು ಬರುವ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಅವಳು ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಸಿಕೊಂಡು ಒಳಗೆ ಕೂತಿರುತ್ತಿದ್ದಳು. ನನ್ನ ಮುಖ ನೋಡಿ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ನಾನೇ ಹೇಳಿದೆ: ಎರಡು ಸಾಲ ತೀರಿಸಿ ಬಾ, ಆಮೇಲೆ ಸೇರಿಸಿಕೊಳ್ಳುತ್ತೇವೆ. ಅವಳು ಎಂಟು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಆ ದೀಪಾವಳಿಗೆ ಮನೆಗೂ ಬರಲಿಲ್ಲ.

ಅಡಮಾನ ಇಲ್ಲದೆ ಈ ಸಾಲ ಹೇಗೆ ನಡೆಯುತ್ತದೆ ಅಂತ ಕೇಳುವವರಿಗೆ ನಾನು ಆ ಬೀಗದ ಕಥೆಯನ್ನೇ ಹೇಳುತ್ತೇನೆ. ಬ್ಯಾಂಕಿನವರು ಮನೆಪತ್ರ, ಚಿನ್ನ ಕೇಳುವುದು ಯಾಕೆ? ಎದುರಿಗೆ ಕೂತವಳು ಎಂಥವಳು ಅಂತ ಅವರಿಗೆ ಗೊತ್ತಿಲ್ಲ, ಅದಕ್ಕೆ. ನಮಗೆ ಗೊತ್ತಿತ್ತು. ನಮ್ಮದೇ ದುಡ್ಡು ಒಳಗೆ ಇದ್ದದ್ದರಿಂದ, ಗೊತ್ತಿದ್ದದ್ದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಬಂತು. ಮೊದಲಿನ ಐದು ಜನರ ಗುಂಪಿನಲ್ಲೂ ಸಹಿ ಇತ್ತು, ಜವಾಬ್ದಾರಿ ಇತ್ತು. ಆದರೆ ನಮ್ಮ ಜೊತೆ ಯಾರು ಕೂರಬೇಕೆಂದು ಆರಿಸಿದವರು ನಾವಾಗಿರಲಿಲ್ಲ.

ಆಮೇಲೆ ಗೊತ್ತಾಯಿತು, ಈ ಗಟದ ಪದ್ಧತಿ ಶುರುವಾದ ಜಾಗಗಳಲ್ಲಿ ನಮ್ಮ ಕರ್ನಾಟಕವೂ ಒಂದಂತೆ. 1980ರ ದಶಕದಲ್ಲಿ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದುಹೋದವು. ಒಬ್ಬರನ್ನೊಬ್ಬರು ನಂಬುವ ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಬಂದು, ಸಂಘಕ್ಕೆ ಕಟ್ಟುವುದಿಲ್ಲ, ಸಾಲವನ್ನು ನಿಮಗೇ ಕಟ್ಟುತ್ತೇವೆ ಅಂದರು. ಸಂಸ್ಥೆಯವರು, ನಿಮ್ಮ ಗುಂಪಿನಲ್ಲೇ ಕಟ್ಟಿಕೊಳ್ಳಿ, ನೀವೇ ನಡೆಸಿ ಅಂದರು. 1992ರಲ್ಲಿ ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 500 ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಪ್ರಯೋಗ ಶುರು ಮಾಡಿತು. ನಾವು ಕೂತದ್ದು ಅದೇ ದಾರಿಯ ಈ ತುದಿಯಲ್ಲಿ.

ಖಾತೆ ತೆರೆಯಲು ಮೂರು ಸಲ ಬ್ಯಾಂಕಿಗೆ ಅಲೆದೆವು. ಮೊದಲ ಸಲ ಠರಾವು ಕನ್ನಡದಲ್ಲಿತ್ತು. ಠರಾವು ಅನ್ನುವ ಶಬ್ದ ಮರಾಠಿಯಲ್ಲೂ ಅದೇ, ಆದರೆ ಅಕ್ಷರ ಬೇರೆಯಲ್ವಾ! ಕೌಂಟರಿನವರು ನಕ್ಕು ವಾಪಸ್ ಕೊಟ್ಟರು. ಓಣಿಯ ಒಬ್ಬಳು ಕಾಲೇಜು ಹುಡುಗಿ ಮರಾಠಿಯಲ್ಲಿ ಬರೆದುಕೊಟ್ಟಳು. ಎರಡನೇ ಸಲ ಹನ್ನೊಂದೂ ಜನರ ವಿಳಾಸದ ಪುರಾವೆ ಕೇಳಿದರು. ಇಲ್ಲಿ ನಿಮಗೆ ಉಪಯೋಗವಾಗುವ ಮಾತು: ಉಳಿತಾಯ ಖಾತೆ ತೆರೆಯುವಾಗ ಎಲ್ಲ ಸದಸ್ಯರ ಕೆವೈಸಿ ಬೇಕಿಲ್ಲ, ಪದಾಧಿಕಾರಿಗಳದ್ದು ಸಾಕು. ಉಳಿದವರದ್ದನ್ನು ಸಾಲ ಕೊಡುವಾಗ ನೋಡಬಹುದು. ಇದನ್ನು ನಮಗೆ ಹೇಳಿದ್ದು ಬೇರೆ ಗಟದ ಒಬ್ಬ ತಾಈ. ಇಲ್ಲಿ ಅಕ್ಕನಿಗೆ ತಾಈ ಅನ್ನುತ್ತಾರೆ. ನಮ್ಮ ದೊಡ್ಡವ್ವ ಮೊದಲ ದಿನ ಅದನ್ನು ತಾಯಿ ಅಂತಲೇ ಕೇಳಿಸಿಕೊಂಡು, ಇಷ್ಟು ಸಣ್ಣ ವಯಸ್ಸಿಗೆ ಎಲ್ಲರ ತಾಯಿಯಾ ಅಂತ ಬೆರಗಾಗಿದ್ದಳು.

ಖಾತೆ ಆದ ಮೇಲೆ ಸುಮ್ನೆ ಕೂಡಿಸುತ್ತಾ ಕೂರುವುದಲ್ಲ. ಕೂಡಿದ್ದನ್ನು ಒಳಗೊಳಗೇ ಸಾಲ ಕೊಡಬೇಕು. ನಮ್ಮ ಮೊದಲ ಒಳಸಾಲ 2,000, ಒಬ್ಬಳ ಮಗನ ಶಾಲೆಗೆ. ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ. ಜಾಸ್ತಿ ಅನ್ನಿಸಬಹುದು. ಆದರೆ ಆ ಬಡ್ಡಿ ಹೋಗುವುದು ನಮ್ಮ ಡಬ್ಬಿಗೇ. ಬ್ಯಾಂಕಿನ ದೊಡ್ಡ ದುಡ್ಡು ಕೈಗೆ ಬರುವ ಮೊದಲೇ ಯಾರು ಹೇಳಿದ ದಿನ ಕೊಡುತ್ತಾರೆ, ಯಾರು ಎರಡು ಸಲ ಕರೆಸಿಕೊಳ್ಳುತ್ತಾರೆ ಅಂತ ಈ ಸಣ್ಣ ಸಾಲಗಳಲ್ಲಿ ತಿಳಿದುಹೋಗುತ್ತದೆ.

60 ವಾರಕ್ಕೆ ಉಳಿತಾಯ 33,000 ಆಯಿತು, ಬಡ್ಡಿಯಿಂದ ಬಂದದ್ದು 3,400. ಉಳಿತಾಯದ ನಾಲ್ಕು ಪಟ್ಟಿನವರೆಗೆ ಸಾಲ ಕೊಡುವುದು ಹಳೆಯ ರೂಢಿ. 2023ರ ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಿದೆವು. ಬ್ಯಾಂಕಿನ ಸಾಹೇಬರು ಗಟಕ್ಕೆ ಅಂಕ ಹಾಕಲು ಒಂದು ಭಾನುವಾರ ಬರುತ್ತೇನೆಂದರು. ಅಲ್ಲಿ ನಾನೊಂದು ಮೂರ್ಖತನ ಮಾಡಿದೆ.

ಲೆಕ್ಕದ ಪುಸ್ತಕ ನಾನೇ ಬರೆಯುತ್ತಿದ್ದೆ. ಅದರ ತುಂಬ ಹಿಟ್ಟು, ಅರಿಶಿನದ ಕಲೆ, ಕಾಟು ಹೊಡೆದದ್ದು. ಸಾಹೇಬರು ನೋಡಿದರೆ ಏನಂದಾರು ಅಂತ ಹೊಸ ಪುಸ್ತಕ ತಂದು, ಎರಡು ರಾತ್ರಿ ಕೂತು ಅರವತ್ತು ವಾರದ್ದನ್ನೂ ಚೆಂದವಾಗಿ ನಕಲು ಮಾಡಿದೆ. ಒಂದೇ ನೀಲಿ ಪೆನ್ನು. ಸಾಹೇಬರು ಪುಟ ತಿರುವಿದರು, ತಿರುವಿದರು, ಆಮೇಲೆ ಮುಚ್ಚಿ ಪಕ್ಕಕ್ಕಿಟ್ಟರು. "ಇದು ಒಂದೇ ದಿನ ಬರೆದದ್ದು," ಅಂದರು ಹಿಂದಿಯಲ್ಲಿ. ಸಾಲ ಬರಲೆಂದೇ ರಾತ್ರೋರಾತ್ರಿ ಹುಟ್ಟುವ ಗಟಗಳ ಪುಸ್ತಕ ಹೀಗೇ ಇರುತ್ತದಂತೆ. ನನ್ನ ಕೈಕಾಲು ತಣ್ಣಗಾದವು. ದೊಡ್ಡವ್ವ ಎದ್ದು ಹೋಗಿ, ಜೋಳದ ಡಬ್ಬಿಯ ಮೇಲಿಟ್ಟಿದ್ದ ಹಳೆಯ ಪುಸ್ತಕ ತಂದು ಅವರ ಮುಂದೆ ಹಾಕಿದಳು. ಬೇರೆ ಬೇರೆ ಪೆನ್ನು, ಒಬ್ಬೊಬ್ಬರ ಹೆಬ್ಬೆಟ್ಟು, ಯಾರು ಯಾವ ವಾರ ಬರಲಿಲ್ಲ ಅಂತ ಬರೆದದ್ದು, ಎರಡು ರೂಪಾಯಿಯ ದಂಡ. ಅದನ್ನು ಅವರು ಮುಕ್ಕಾಲು ಗಂಟೆ ಓದಿದರು. ಓದಿಸಿಕೊಂಡರು ಅನ್ನಬೇಕು, ಕನ್ನಡದಲ್ಲಿತ್ತಲ್ಲ.

ಆಮೇಲೆ ನನ್ನನ್ನೂ ಅಧ್ಯಕ್ಷೆಯನ್ನೂ ಬಿಟ್ಟು, ಹಿಂದೆ ಕೂತವರನ್ನು ಕೇಳಿದರು. ಹೋದ ವಾರ ಸಾಲ ಯಾರಿಗೆ ಕೊಟ್ಟಿರಿ? ಬಡ್ಡಿ ಎಷ್ಟು? ಈಗ ಡಬ್ಬಿಯಲ್ಲಿ ಎಷ್ಟಿದೆ? ಓದು ಬರಹ ಬಾರದವಳು ಡಬ್ಬಿಯಲ್ಲಿದ್ದದ್ದನ್ನು ರೂಪಾಯಿ ಬಿಡದೆ ಹೇಳಿದಳು. ನಮ್ಮ ಕೆಲಸ ಆದದ್ದು ಅಲ್ಲೇ ಅಂತ ನನ್ನ ನಂಬಿಕೆ.

ಮುಂದಿನ ತೊಡಕು ನನ್ನದೇ ಹೆಸರಿನಲ್ಲಿ ಬಂತು. ಎಲ್ಲರ ಸಾಲದ ಇತಿಹಾಸ ನೋಡಿದಾಗ ನನ್ನ ಮೇಲೆ 1,140 ರೂಪಾಯಿ ಬಾಕಿ ಅಂತ ಬಂತು, ಆ ಹಳೆಯ ಮೈಕ್ರೋಫೈನಾನ್ಸ್ ಸಾಲದ್ದು. ಓಡಿಹೋದವಳ ಕಂತಿಗೆ ನಾವು ಕೊಟ್ಟದ್ದರ ಲೆಕ್ಕದಲ್ಲಿ ನನ್ನ ಕಂತಿನ ಸ್ವಲ್ಪ ದುಡ್ಡೂ ಸೇರಿಹೋಗಿತ್ತು. ನನ್ನ ಸಾಲದ ಕಾರ್ಡಿನಲ್ಲಿ ಎಲ್ಲ ಕಂತಿಗೂ ಸಹಿ ಇದ್ದದ್ದಕ್ಕೆ ಬದುಕಿದೆ. ಬಾಕಿ ಇಲ್ಲ ಅನ್ನುವ ಪತ್ರ ತರಲು ಐದು ಸಲ ಆ ಕಚೇರಿ ಮೆಟ್ಟಿಲು ಹತ್ತಿದೆ, ಮೂರು ವಾರ ಹಿಡಿಯಿತು. ಒಂದು ದಿನ ರೊಟ್ಟಿ ಬಡಿಯದಿದ್ದರೆ 500 ರೂಪಾಯಿ ಹೋಯಿತು ಅಂತಲೇ ಲೆಕ್ಕ. ನನ್ನೊಬ್ಬಳಿಗಾಗಿ ಹತ್ತು ಜನ ಕಾದರು. ಒಬ್ಬರೂ ಒಂದು ಮಾತು ಆಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ನೀವು ಅರ್ಜಿ ಹಾಕುವ ಮೊದಲೇ ಪ್ರತಿಯೊಬ್ಬರ ಕ್ರೆಡಿಟ್ ವರದಿ ತೆಗೆಸಿ ನೋಡಿ. ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ತಪ್ಪಿದ್ದರೆ ದೂರು ಕೊಟ್ಟ 30 ದಿನದಲ್ಲಿ ಸರಿಮಾಡಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಅನ್ನುವ ನಿಯಮ 2024ರಿಂದ ಬಂದಿದೆ.

ಕೊನೆಯ ಗಳಿಗೆಯಲ್ಲಿ ಶಾಖೆಯವರು, ನಿಮ್ಮ ಉಳಿತಾಯದಲ್ಲಿ 20,000 ತೆಗೆದು ಠೇವಣಿ ಇಡಿ ಅಂದರು. ಅದು ಅಡಮಾನವೇ ಅಲ್ವಾ? ಮತ್ತೆ ಆ ತಾಈ ಜೊತೆಗೆ ಬಂದಳು. ಸರ್ಕಾರದ ಜೀವನೋಪಾಯ ಮಿಷನ್ ಗಟಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಉಳಿತಾಯ ಖಾತೆ ತಡೆಹಿಡಿಯುವಂತಿಲ್ಲ, ಠೇವಣಿ ಕೇಳುವಂತಿಲ್ಲ ಅನ್ನುವ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರತಿ ಅವಳ ಚೀಲದಲ್ಲೇ ಇತ್ತು. ಜಗಳವಾಡಲಿಲ್ಲ, ಮೇಜಿನ ಮೇಲಿಟ್ಟು ಚಹಾ ಕುಡಿದಳು. ಠೇವಣಿಯ ಮಾತು ಮತ್ತೆ ಬರಲಿಲ್ಲ.

2023ರ ಡಿಸೆಂಬರ್‌ನಲ್ಲಿ 1,20,000 ಗಟದ ಖಾತೆಗೆ ಬಂತು. ಬಡ್ಡಿ ವರ್ಷಕ್ಕೆ ನೂರಕ್ಕೆ 12, ತೀರಿಸಲು ಎರಡು ವರ್ಷ. ಓಡಾಟ, ಝೆರಾಕ್ಸ್, ಫೋಟೊ ಎಲ್ಲ ಸೇರಿ ನಮಗೆ 1,150 ಖರ್ಚಾಗಿತ್ತು. ಎಂಟು ಜನ ತಲಾ 15,000 ತೆಗೆದುಕೊಂಡೆವು. ಮೂವರಿಗೆ ಆಗ ಬೇಕಿರಲಿಲ್ಲ, ಆದರೂ ಕರಾರಿಗೆ ಹನ್ನೊಂದೂ ಜನ ಸಹಿ ಹಾಕಿದರು. ಸಾಲ ತೆಗೆದುಕೊಳ್ಳದವಳು ಯಾಕೆ ಸಹಿ ಹಾಕುತ್ತಾಳೆ? ಅವಳ ಮೂರು ಸಾವಿರ ಉಳಿತಾಯ ಒಳಗಿದೆ, ಮುಂದಿನ ಸಲದ ದೊಡ್ಡ ಸಾಲದಲ್ಲಿ ಅವಳ ಪಾಳಿ ಇದೆ. ನಾವು ಕಟ್ಟದಿದ್ದರೆ ಎರಡೂ ಹೋದವು.

ಸದಸ್ಯರಿಗೆ ನಾವು ತಿಂಗಳಿಗೆ ನೂರಕ್ಕೆ ಒಂದೂವರೆ ಬಡ್ಡಿ ಹಾಕಿದೆವು, ಇಳಿಯುವ ಅಸಲಿನ ಮೇಲೆ. ಒಬ್ಬಳ ಕಂತು 749. ಎಂಟು ಜನರದ್ದು 5,992. ಬ್ಯಾಂಕಿಗೆ 5,649 ಹೋದರೆ ತಿಂಗಳಿಗೆ 343 ರೂಪಾಯಿ ಡಬ್ಬಿಯಲ್ಲಿ ಉಳಿಯುತ್ತದೆ. ಈ 343 ಯಾಕೆ ಬೇಕು ಅಂತ ಇಬ್ಬರು ಜಗಳ ತೆಗೆದಿದ್ದರು. ಜುಲೈ ಬಂದಾಗ ಸುಮ್ಮನಾದರು.

2024ರ ಜುಲೈ ಕೊನೆಯಲ್ಲಿ ಪುಣೆಯಲ್ಲಿ ಹೊಡೆದ ಮಳೆ ನಿಮಗೆ ನೆನಪಿರಬಹುದು. ಖಡಕವಾಸಲಾದಿಂದ ನೀರು ಬಿಟ್ಟು ಸಿಂಹಗಡ ರಸ್ತೆಯ ಕಡೆ ಮನೆಗಳಿಗೇ ನುಗ್ಗಿತು. ನಮ್ಮ ಕಡೆ ನೀರು ಬರಲಿಲ್ಲ, ಆದರೆ ಕಟ್ಟಡದ ಕೆಲಸ ನಿಂತಿತು. ಸಾಲ ಪಡೆದ ಎಂಟು ಮನೆಯಲ್ಲಿ ಐದು ಗೌಂಡಿಗಳದ್ದು. ಆ ತಿಂಗಳು ಐವರೂ ಕೈ ಎತ್ತಿದರು. ಮೂವರದ್ದು ಸೇರಿ ಬಂದದ್ದು 2,247. ಬ್ಯಾಂಕಿಗೆ ಇನ್ನೂ 3,402 ಬೇಕು. ಆರು ತಿಂಗಳ 343 ಸೇರಿ 2,058 ಇತ್ತು. ಉಳಿದ 1,344 ಅನ್ನು ನಮ್ಮ ಉಳಿತಾಯದಿಂದ ತೆಗೆದೆವು. ಬ್ಯಾಂಕಿನ ಲೆಕ್ಕದಲ್ಲಿ ಆ ತಿಂಗಳೂ ಕಂತು ಸರಿಯಾದ ದಿನಕ್ಕೇ ಬಿತ್ತು. ಐವರ ಬಾಕಿಯನ್ನು ಒಳಸಾಲವಾಗಿ ಬರೆದುಕೊಂಡೆವು, ದಸರಾ ಹೊತ್ತಿಗೆ ತೀರಿಸಿದರು. ಯಾರ ಮನೆಯ ಮುಂದೆಯೂ ಯಾರೂ ಹೋಗಿ ಕೂರಲಿಲ್ಲ. ಕೆಲಸ ನಿಂತದ್ದು ನಮ್ಮ ಕಣ್ಣಿಗೇ ಕಾಣುತ್ತಿತ್ತು.

ನಿಜವಾಗಿ ಕೊಡಲಾರದವಳು ಯಾರು, ಕೊಡಲೊಲ್ಲದವಳು ಯಾರು ಅನ್ನುವುದೂ ಹಾಗೇ ಕಾಣುತ್ತದೆ. ಮಾರನೇ ವರ್ಷ ಒಬ್ಬಳು ಕೆಲಸವಿಲ್ಲ ಅಂತ ಎರಡು ಕಂತು ತಪ್ಪಿಸಿದಳು. ಅದೇ ವಾರ ಅವಳ ಖೋಲಿಗೆ ಹೊಸ ಟಿವಿಯ ಪೆಟ್ಟಿಗೆ ಹೋದದ್ದನ್ನು ನಲ್ಲಿಯ ಹತ್ತಿರ ನಿಂತವರೆಲ್ಲ ನೋಡಿದ್ದರು. ಭಾನುವಾರ ಯಾರೋ "ಟಿವಿ ಎಷ್ಟು ಇಂಚಿಂದವ್ವಾ?" ಅಂದರು ಅಷ್ಟೇ. ಮುಂದಿನ ವಾರ ಎರಡೂ ಕಂತು ತಂದಳು. ಎರಡನೇ ಸಾಲದಲ್ಲಿ ಅವಳ ಪಾಳಿ ಕೊನೆಗೆ ಹೋಗಿದೆ, ಅದನ್ನು ಠರಾವಿನಲ್ಲೇ ಬರೆದಿದ್ದೇವೆ.

ಆದರೆ ಆ ಜುಲೈ ಕಲಿಸಿದ್ದನ್ನು ಮುಚ್ಚಿಡುವುದಿಲ್ಲ. ಅಂಥ ಮಳೆ ಇನ್ನೊಂದು ತಿಂಗಳು ಹೊಡೆದಿದ್ದರೆ ನಮ್ಮ ಉಳಿತಾಯ ಕರಗುತ್ತಿತ್ತು. ಮೂರನೇ ತಿಂಗಳಿಗೆ, ಕಟ್ಟುವ ಮೂವರೂ ನಾವೊಬ್ಬರೇ ಯಾಕೆ ಅಂತ ನಿಲ್ಲಿಸುತ್ತಿದ್ದರು. ಒಬ್ಬರು ಬಿದ್ದರೆ ಹತ್ತು ಜನ ಎತ್ತಬಹುದು. ಒಂದೇ ಪೆಟ್ಟಿಗೆ ಎಲ್ಲರೂ ಬಿದ್ದರೆ ಗೆಳೆತನ, ನಂಬಿಕೆ ಯಾವುದೂ ಕಂತು ಕಟ್ಟುವುದಿಲ್ಲ. ಒಂದೇ ಊರಿನವರು, ಒಂದೇ ಕಸುಬಿನವರು ಸೇರಿದರೆ ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲರು, ಆದರೆ ಕಷ್ಟವೂ ಒಂದೇ ದಿನ ಬರುತ್ತದೆ. ಅದಕ್ಕೇ ಈಗ ಹೊಸಬರನ್ನು ತೆಗೆದುಕೊಳ್ಳುವಾಗ ತಿಂಗಳ ಪಗಾರದವರನ್ನು ನೋಡುತ್ತಿದ್ದೇವೆ. ಮನೆಗೆಲಸದ ಇಬ್ಬರು, ಆಸ್ಪತ್ರೆಯಲ್ಲಿ ಕಸ ಗುಡಿಸುವ ಒಬ್ಬಳು.

ನಾದಿನಿ ಹೋದ ತಿಂಗಳು ಬಂದಳು. ಎರಡು ಸಾಲದ ಬಾಕಿ ಇಲ್ಲದ ಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿ ತಂದಿದ್ದಳು. ನನ್ನ ಕೈಗೆ ಕೊಡಲಿಲ್ಲ, ದೊಡ್ಡವ್ವನ ಕೈಗೆ ಕೊಟ್ಟಳು. ಮೂರನೆಯದು ಮಾರ್ಚಿಗೆ ತೀರುತ್ತದಂತೆ. ಎಲ್ಲರೂ ಪತ್ರ ನೋಡಿದರು. ಆ ವಾರದ 50 ರೂಪಾಯಿ ಅವಳ ಹೆಸರಿನ ಮುಂದೆ ಹಳೆಯ ಪುಸ್ತಕದಲ್ಲೇ ಬರೆದೆ. ಕೈಗೆ ಹಿಟ್ಟು ಮೆತ್ತಿತ್ತು, ಪುಟಕ್ಕೂ ಹತ್ತಿತು. ಒರೆಸಲಿಲ್ಲ.